ಮೂರನೇ ಪೋಸ್ಟಿನ ಮಾತು

ಫೋಟೋ ತೆಗೆಯಲು ಆಲೂರಿನಿಂದ ಹುಡುಗಿಯೊಬ್ಬಳು ಬರುತ್ತಾಳೆಂದು ತಿಳಿದ ದಿನ ಧರ್ಮ ಬೆಳಿಗ್ಗೆಯೇ ಗಡ್ಡ ಹೆರೆದುಕೊಂಡು, ಮದುವೆ ಮನೆಗಳಿಗೆಂದು ಎತ್ತಿಟ್ಟಿದ್ದ ನೀಲಿ ಅಂಗಿ ಹಾಕಿಕೊಂಡ. ಹೆಗ್ಗದ್ದೆಯಲ್ಲಿದ್ದ ಅವನ ಮನೆಗೆ ಹೊರಗಿನವರು ಬಂದು ಬಹಳ ದಿನಗಳಾಗಿದ್ದವು. ತಾಯಿ ತೀರಿಕೊಂಡ ಮೇಲೆ ಅವನೊಬ್ಬನೇ. ವಯಸ್ಸು ನಲವತ್ತು ದಾಟಿತ್ತು. ಮೊದಮೊದಲು ನೆಂಟರು ಹೆಣ್ಣು ತೋರಿಸಲು ಓಡಾಡಿದ್ದರು. ಹುಡುಗನಿಗೆ ಏನು ಕೆಲಸ ಎಂದು ಕೇಳಿ, ತೋಟ ಎಂದೊಡನೆ ಎದುರಿನವರು ಕಾಫಿ ಲೋಟ ಕೆಳಗಿಟ್ಟು ಬೇರೆ ಮಾತು ತೆಗೆಯುತ್ತಿದ್ದರು. ಆಮೇಲಾಮೇಲೆ ನೆಂಟರೂ ಸುಮ್ಮನಾದರು, ಅವನೂ ಸುಮ್ಮನಾದ.

ಬಂದವಳ ಹೆಸರು ರಶ್ಮಿತಾ. ಮಂಜುಗದ್ದೆ ರೈತ ಉತ್ಪಾದಕ ಕಂಪನಿ ಎಂದು ಆಲೂರಿನಲ್ಲಿ ಬೆಳೆಗಾರರೇ ಸೇರಿ ಕಟ್ಟಿಕೊಂಡಿದ್ದ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಧರ್ಮನೂ ಅದರ ಸದಸ್ಯ. ಆ ಕಂಪನಿ ಪೇಟೆ ಬೆಲೆ ತಿಳಿಸಲು 'ಮಲೆಧಾರಣೆ' ಎಂಬ ಆ್ಯಪ್ ಮಾಡಿಸಿ, ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಕೆಲವು ಸದಸ್ಯರ ಫೋನಿಗೆ ಹಾಕಿಕೊಟ್ಟಿತ್ತು. ಬೆಳೆ ಯಾವುದು, ಮಾರುಕಟ್ಟೆ ಯಾವುದು ಎಂದು ಒತ್ತಿದರೆ ಕನಿಷ್ಠ, ಗರಿಷ್ಠ, ಹೆಚ್ಚಿನವರಿಗೆ ಸಿಕ್ಕ ಬೆಲೆ ಎಂದು ಮೂರೂ ಕಾಣುತ್ತಿದ್ದವು. ಕೆಳಗೆ ಆ ಬೆಲೆ ಯಾವ ದಿನದ್ದೆಂದು ಸಣ್ಣಕ್ಷರದಲ್ಲಿರುತ್ತಿತ್ತು. ನೆಟ್‌ವರ್ಕ್ ಇಲ್ಲದಿದ್ದರೆ ಕೊನೆಗೆ ಬಂದ ಬೆಲೆಯೇ ತಾರೀಖಿನ ಸಮೇತ ಉಳಿದಿರುತ್ತಿತ್ತು.

"ನಿಮ್ಮನ್ನೇ ಯಾಕೆ ಆರಿಸಿದ್ವಿ ಗೊತ್ತಾ?" ಅಂಗಳದಲ್ಲಿ ಒಣಗಲು ಹರವಿದ್ದ ಕಾಳುಮೆಣಸಿನ ಪಕ್ಕ ಅವನನ್ನು ನಿಲ್ಲಿಸುತ್ತ ಅವಳು ಕೇಳಿದಳು. "ಪರೀಕ್ಷೆಗೆ ಕೊಟ್ಟವರಲ್ಲಿ ಆ್ಯಪನ್ನ ಎಲ್ಲರಿಗಿಂತ ಹೆಚ್ಚು ಸಲ ತೆರೆಯೋರು ನೀವೇ ಅಂತೆ. ಶುಂಠಿ ಬೆಲೆನೂ ನೋಡ್ತೀರಂತೆ. ಶುಂಠಿ ಹಾಕಿದೀರಾ?"

"ಇಲ್ಲ ಮೇಡಂ. ಸುಮ್ನೆ ನೋಡ್ತೀನಿ."

ಸಂಜೆ ಒಲೆ ಮೇಲೆ ಅನ್ನಕ್ಕಿಟ್ಟು ಅದು ಬೇಯುವವರೆಗೆ ಮಾಡಲು ಬೇರೇನೂ ಇರುವುದಿಲ್ಲ ಎಂದು ಅವನು ಹೇಳಲಿಲ್ಲ. ತಾನು ಫೋನು ಹಿಡಿದು ಕೂರುವುದನ್ನು ಆಲೂರಿನಲ್ಲಿ ಯಾರೋ ಎಣಿಸುತ್ತಿದ್ದರು ಎಂದು ತಿಳಿದು ಮುಖ ಬೆಚ್ಚಗಾಯಿತು.

ಬಿಡುಗಡೆಗೆ ಮುಂಚೆ ಐದು ಪೋಸ್ಟು ಬಿಡುತ್ತೇವೆ ಎಂದು ಅವಳು ವಿವರಿಸಿದಳು. ಮೊದಲನೆಯದರಲ್ಲಿ ಹೆಸರೂ ಇರುವುದಿಲ್ಲ, ಬರೀ ಒಂದು ಪ್ರಶ್ನೆ: ಇವತ್ತು ಪೇಟೆಯಲ್ಲಿ ಮೆಣಸಿಗೆ ಎಷ್ಟು? ಎರಡನೆಯದರಲ್ಲಿ ಆ್ಯಪಿನ ಹೆಸರು, ಬೆಲೆ ಹೇಗೆ ಕಾಣುತ್ತದೆ ಎಂಬ ಚಿತ್ರ. ಮೂರನೆಯದು ಒಬ್ಬ ಬೆಳೆಗಾರರ ಮಾತು. ನಾಲ್ಕನೆಯದರಲ್ಲಿ ಫೋನಿಗೆ ಹಾಕಿಕೊಳ್ಳುವುದು ಹೇಗೆ ಎಂದು ಹಂತಹಂತವಾಗಿ. ಐದನೆಯದು ಬಿಡುಗಡೆಯ ದಿನದ ಆಹ್ವಾನ, ಜೊತೆಗೆ ಲಿಂಕ್. ಎಲ್ಲವೂ ಫೇಸ್‌ಬುಕ್ಕಿಗೂ ಸದಸ್ಯರ ವಾಟ್ಸಾಪ್ ಗುಂಪುಗಳಿಗೂ ಹೋಗುತ್ತವೆ.

"ಮೂರನೇದು ನಿಮ್ಮದು. ಬೆಲೆ ಮೊದಲೇ ಗೊತ್ತಾದ್ರೆ ನಿಮಗೇನು ಅನುಕೂಲ, ನಿಮ್ಮ ಮಾತಲ್ಲೇ ಹೇಳಿ."

ಧರ್ಮ ಯೋಚಿಸಿದ. "ಏನಿಲ್ಲ ಮೇಡಂ, ಬೆಲೆ ನೋಡ್ಕಂಡು ರಂಗಣ್ಣನ ಅಂಗಡಿಗೆ ಹೋಗ್ತೀನಿ. ಅವ್ರಿಗೂ ಗೊತ್ತಿರ್ತೈತೆ, ನಂಗೂ ಗೊತ್ತಿರ್ತೈತೆ. ಚೌಕಾಸಿ ಇಲ್ಲ. ಬೇರೆ ಮಾತಾಡ್ಬೋದು."

ಅವಳು ನಕ್ಕು ಅದನ್ನು ಫೋನಿನಲ್ಲಿ ಬರೆದುಕೊಂಡಳು. ಹೋಗುವಾಗ ಅವನು ಒಂದು ಸಣ್ಣ ಪೊಟ್ಟಣ ಏಲಕ್ಕಿ ಕೊಟ್ಟ. ಅವಳ ಸ್ಕೂಟರ್ ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ಅದೇ ಅಂಗಿಯಲ್ಲಿ ಅಂಗಳದಲ್ಲಿ ನಿಂತಿದ್ದ.

ರಂಗಣ್ಣ ಎಂದರೆ ರಂಗಸ್ವಾಮಿ. ಬಸ್ಸು ನಿಲ್ಲುವ ಕಡೆ ಅವರದು ಕಾಫಿ, ಮೆಣಸು, ಏಲಕ್ಕಿ ಕೊಳ್ಳುವ ಅಂಗಡಿ. ಸುತ್ತಿನ ಸಣ್ಣ ಬೆಳೆಗಾರರಿಂದ ಕೊಂಡು ಸಕಲೇಶಪುರದ ದೊಡ್ಡ ವ್ಯಾಪಾರಿಗೆ ಕಳಿಸುತ್ತಿದ್ದರು. ಧರ್ಮನ ಅಪ್ಪನ ಕಾಲದಿಂದಲೂ ಆ ಮನೆಯ ಫಸಲು ಅಲ್ಲಿಗೇ. ಮೆಣಸು ಒಣಗಿದ ಹಾಗೆ ಚೀಲಗಳನ್ನು ಒಯ್ದು ಅವರ ಉಗ್ರಾಣದಲ್ಲಿಡುವುದು, ಬೆಲೆ ಬಂದಾಗ ಅವರಿಗೇ ಮಾರಿ ಲೆಕ್ಕ ಮುರಿಯುವುದು. ವ್ಯಾಪಾರ ವರ್ಷಕ್ಕೆ ಒಂದೆರಡು ಸಲ. ಧರ್ಮ ಹೋಗುತ್ತಿದ್ದುದು ಮಾತ್ರ ದಿನಾ ಸಂಜೆ. ತಕ್ಕಡಿಯ ಪಕ್ಕದಲ್ಲಿ ಕೂರುತ್ತಿದ್ದ. ಒಳಗಿನಿಂದ ರಾಜಲಕ್ಷ್ಮಮ್ಮ, ರಂಗಣ್ಣನ ಹೆಂಡತಿ, ಕೇಳದೆಯೇ ಕಾಫಿ ಕಳಿಸುತ್ತಿದ್ದರು. ಆನೆ ಎಲ್ಲಿಗೆ ಬಂತು, ಯಾರ ಮನೆಯ ಬೋರ್ ಕೆಟ್ಟಿತು, ಯಾರಿಗೆ ಜ್ವರ ಎಂದೆಲ್ಲ ಮಾತು. ದಿನವಿಡೀ ಅವನು ಮನುಷ್ಯರೊಡನೆ ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ.

"ನಿನ್ ಫೋಟೋ ಹಾಕ್ತಾರಂತೆ?" ಆ ಸಂಜೆ ರಂಗಣ್ಣ ಕೇಳಿದರು. "ನನ್ದೂ ಒಂದು ಹಾಕ್ಸೋ ಮಾರಾಯ. ಮೆಣಸು ಕೊಳ್ಳೋನಿಗೂ ಮುಖ ಐತೆ ಅಂತ ಗೊತ್ತಾಗ್ಲಿ."

"ನಿಮ್ ಹೆಸ್ರು ಹೇಳಿದೀನಿ ಅಣ್ಣ."

"ಹೌದಾ!" ಎಂದರು ರಂಗಣ್ಣ. ಸಂತೋಷವನ್ನು ಮುಚ್ಚಿಕೊಳ್ಳಲು ಒಳಗೆ ತಿರುಗಿ, "ಏ, ಕಾಫಿ ಆಯ್ತೇನೇ?" ಎಂದು ಕೂಗಿದರು.

ಮೊದಲ ಪೋಸ್ಟು ಬಂದ ದಿನ ಊರಿನ ಗುಂಪಿನಲ್ಲಿ ಯಾರೋ 'ಮೆಣಸಿಗೆಷ್ಟು ಅಂತ ನಮ್ಮನ್ನೇ ಕೇಳ್ತಾರಲ್ಲಪ್ಪ' ಎಂದು ಗೇಲಿ ಮಾಡಿದರು. ಮಾರನೆಯ ದಿನ ಎರಡನೆಯದು ಬಂತು. ಅಂದು ಮಧ್ಯಾಹ್ನ ಧರ್ಮ ಏಣಿಯ ಮೇಲೆ ನಿಂತು ಬಳ್ಳಿಯಿಂದ ಮೆಣಸಿನ ಗೊನೆ ಬಿಡಿಸುತ್ತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ತೋಟದ ಆ ಮೂಲೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಬಂದರೆ ಹೆಚ್ಚು. ರಶ್ಮಿತಾ ಚಿತ್ರವೊಂದನ್ನು ಕಳಿಸಿದ್ದಳು. ಕೆಳಗೆ, 'ಧರ್ಮ ಅವರೇ, ನಿಮ್ಮ ಪೋಸ್ಟು. ಮಾತು ಸ್ವಲ್ಪ ಚಿಕ್ಕದು ಮಾಡಿದೀವಿ. ನೋಡಿ ಓಕೆನಾ ಹೇಳಿ' ಎಂದಿತ್ತು. ಚಿತ್ರ ತೆರೆಯಲಿಲ್ಲ. ಮಸುಕಿನೊಳಗೆ ನೀಲಿ ಅಂಗಿಯೊಂದು ಕಂಡಿತು. ಅವಳು ಕಾಯುತ್ತಾಳಲ್ಲ ಎಂದು ಅವನು ಹೆಬ್ಬೆರಳಿನ ಗುರುತು ಒತ್ತಿ ಫೋನನ್ನು ಜೇಬಿಗಿಟ್ಟ. ಆಮೇಲೆ ತೆರೆದು ನೋಡಬೇಕೆಂದುಕೊಂಡಿದ್ದ. ಮನೆಗೆ ಬಂದು ಗೊನೆಯಿಂದ ಕಾಳು ಉದುರುವಂತೆ ಮೆಣಸು ತುಳಿದು, ಸ್ನಾನ ಮಾಡಿ, ಅದು ಮರೆತುಹೋಯಿತು.

ಮರುದಿನ ಸಂಜೆ ಅಂಗಡಿಗೆ ಹೋಗುವಷ್ಟರಲ್ಲಿ ಮೂರನೇ ಪೋಸ್ಟು ಅಲ್ಲಿಗೆ ತಲುಪಿತ್ತು. ದಾರಿಯಲ್ಲಿ ಜೀಪಿನ ಲೋಹಿತ್ ಗಾಡಿ ನಿಧಾನ ಮಾಡಿ, "ಸಕತ್ತಾಗಿ ಹೇಳ್ಬುಟ್ಟೆ ಧರ್ಮಣ್ಣ, ಧೈರ್ಯ ಬೇಕು ಕಣಪ್ಪ" ಎಂದು ಹೋಗಿದ್ದ. ಧೈರ್ಯ ಯಾಕೆ ಬೇಕು ಎಂದು ಧರ್ಮನಿಗೆ ಹೊಳೆದಿರಲಿಲ್ಲ. ಫೋಟೋ ಚೆನ್ನಾಗಿ ಬಂದಿರಬೇಕೆಂಬ ಸಣ್ಣ ಖುಷಿಯಲ್ಲೇ ಮೆಟ್ಟಿಲು ಹತ್ತಿದ.

ಅಂಗಡಿಯಲ್ಲಿ ರಂಗಣ್ಣ ಒಬ್ಬರೇ ಇದ್ದರು. ಕನ್ನಡಕ ಏರಿಸಿಕೊಂಡು ಫೋನನ್ನು ದೂರ ಹಿಡಿದು ಓದಿದರು.

"'ದಲ್ಲಾಳಿ ಹೇಳಿದ್ದೇ ಬೆಲೆ ಅನ್ನೋ ಕಾಲ ಮುಗೀತು. ಇನ್ನು ನಾನು ಮೋಸ ಹೋಗಲ್ಲ. ಧರ್ಮ, ಬೆಳೆಗಾರರು, ಹೆಗ್ಗದ್ದೆ.'"

ಓದಿ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು.

"ಅಣ್ಣ, ನಾನು ಹಂಗಂದಿಲ್ಲ."

"ಫೋಟೋ ನಿನ್ದೇ ಅಲ್ವೇನೋ?"

"ಫೋಟೋ ನನ್ದೇ. ಮಾತು ನನ್ದಲ್ಲ."

"ಹೆಗ್ಗದ್ದೆಲಿ ಮೆಣಸು ಕೊಳ್ಳೋನು ನಾನೊಬ್ನೇ ಕಣೋ ಧರ್ಮ. ಮೋಸ ಮಾಡೋ ದಲ್ಲಾಳಿ ಯಾರು ಅಂತ ಜನ ಹುಡ್ಕಬೇಕಾಗಿಲ್ಲ." ದನಿ ಏರಿರಲಿಲ್ಲ. ಅದೇ ಧರ್ಮನಿಗೆ ಹೆದರಿಕೆ ಹುಟ್ಟಿಸಿತು. "ನಿನ್ ಚೀಲ ಒಳಗೈತೆ. ಲೋಹಿತನ ಜೀಪು ಬತ್ತೈತೆ, ಹಾಕ್ಕಂಡು ಹೋಗ್ಬುಡು. ಇಲ್ಲಿಟ್ರೆ ಅದ್ಕೂ ಒಂದು ಮಾತು ಬತ್ತದೆ."

ಚೀಲಗಳನ್ನು ಎತ್ತಲು ರಂಗಣ್ಣನೇ ಕೈಜೋಡಿಸಿದರು. ಒಂದೊಂದನ್ನೂ ತಕ್ಕಡಿಗಿಟ್ಟು, ತಂದಿಟ್ಟಾಗಿನ ತೂಕವೇ ಇದೆಯೆಂದು ತೋರಿಸಿ ಜೀಪಿಗೇರಿಸಿದರು. ಹಾಗೆ ತೂಗಿ ತೋರಿಸಿದ್ದು ಹಿಂದೆಂದೂ ಇರಲಿಲ್ಲ. ಅಂದು ಒಳಗಿನಿಂದ ಕಾಫಿ ಬರಲಿಲ್ಲ. ಬಾಗಿಲ ಪರದೆಯ ಕೆಳಗೆ ರಾಜಲಕ್ಷ್ಮಮ್ಮನ ಪಾದಗಳು ಮಾತ್ರ ಕಂಡವು.

ಮನೆಗೆ ಬಂದು ಚೀಲಗಳನ್ನು ನಡುಮನೆಯಲ್ಲಿ ಪೇರಿಸಿದ. ಆಮೇಲೆ ಸಿಗ್ನಲ್ ಸಿಗುವ, ಮನೆ ಹಿಂದಿನ ಬಂಡೆ ಹತ್ತಿ ಫೋನು ತೆರೆದ. ಪೋಸ್ಟಿನ ಕೆಳಗೆ ಉದ್ದಕ್ಕೂ ಪ್ರತಿಕ್ರಿಯೆಗಳು. ಬೇಲೂರಿನವರು, ಅರಕಲಗೂಡಿನವರು, ಹೆಸರೇ ಕೇಳದ ಊರಿನವರು. ಸರಿಯಾಗಿ ಹೇಳಿದ್ರಿ ಅಣ್ಣ. ನಮ್ಮೂರಲ್ಲೂ ಇದೇ ಕಥೆ. ರೈತ ಎದ್ದು ನಿಂತರೆ ಹೀಗೆ. ಯಾರೋ ಕೈಮುಗಿದಿದ್ದರು. ಇಷ್ಟು ಜನ ಒಟ್ಟಿಗೆ ತನ್ನ ಹೆಸರು ಹಿಡಿದು ಮಾತಾಡಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅವರಲ್ಲಿ ಒಬ್ಬರನ್ನೂ ಅವನು ಕಂಡಿರಲಿಲ್ಲ. ಕೆಳಗೆ ಅಂಗಡಿಯ ದೀಪ ಮರಗಳ ನಡುವೆ ಸಣ್ಣಗೆ ಕಾಣುತ್ತಿತ್ತು. ಅದು ಆರುವವರೆಗೆ ಬಂಡೆಯ ಮೇಲೇ ಕೂತಿದ್ದ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಸಕಲೇಶಪುರ, ಅಲ್ಲಿಂದ ಆಲೂರು. ಕಂಪನಿಯ ಕಚೇರಿ ಗೊಬ್ಬರದ ಅಂಗಡಿಯೊಂದರ ಮಹಡಿ ಮೇಲಿತ್ತು. ರಶ್ಮಿತಾ ಒಬ್ಬಳೇ ಕಂಪ್ಯೂಟರಿನ ಮುಂದೆ ಕೂತು ನಾಲ್ಕನೇ ಪೋಸ್ಟನ್ನು ಸರಿಮಾಡುತ್ತಿದ್ದಳು. ಅವನನ್ನು ಕಂಡು ಹಿಗ್ಗಿ ಎದ್ದು ನಿಂತಳು.

"ಧರ್ಮ ಅವರೇ! ನಿಮ್ಮ ಪೋಸ್ಟೇ ಎಲ್ಲಕ್ಕಿಂತ ಹೆಚ್ಚು ಓಡ್ತಾ ಇದೆ. ನೋಡಿದ್ರಾ?"

"ನೋಡ್ದೆ. ಅದ್ನ ತೆಗ್ದುಬುಡಿ ಮೇಡಂ."

ಅವನು ನಡೆದದ್ದೆಲ್ಲ ಹೇಳಿದ. ಹೇಳುತ್ತ ಹೋದಂತೆ ಅವಳು ಮೆಲ್ಲಗೆ ಕುರ್ಚಿಯಲ್ಲಿ ಕುಸಿದಳು.

"ನೀವು ಹೇಳಿದ್ದನ್ನೇ ಮೊದಲು ಬರೆದಿದ್ದೆ ಅಣ್ಣ" ಎಂದಳು. 'ಧರ್ಮ ಅವರೇ' ಎಂಬ ಉಪಚಾರ ಬಿದ್ದುಹೋಗಿತ್ತು. "ಡಿಸೈನ್ ಮಾಡೋ ಕಡೆಯವರು, ಇದರಲ್ಲಿ ಬಿಸಿ ಇಲ್ಲ, ನೋಡೋರ ಬೆರಳು ಇಲ್ಲಿ ನಿಲ್ಲಲ್ಲ ಅಂದ್ರು. ಬದಲಾಯಿಸಿದ್ದು ನಾನೇ. ನಿಮಗೆ ಕಳಿಸಿದ್ದೆನಲ್ಲ. ನೀವು ಓಕೆ ಅಂದ್ರಿ."

"ಚಿತ್ರ ತೆರೀಲಿಲ್ಲ. ತೆರೀದೆ ಹೆಬ್ಬೆಟ್ಟು ಒತ್ಬುಟ್ಟೆ."

ಕೆಳಗೆ ಗೊಬ್ಬರದ ಮೂಟೆ ಇಳಿಸುವ ಸದ್ದು ಕೇಳುತ್ತಿತ್ತು.

ಅಷ್ಟರಲ್ಲಿ ಸಂಜಯ್ ಬಂದ. ಕಂಪನಿಯ ವಹಿವಾಟು ನೋಡಿಕೊಳ್ಳುವವನು ಅವನೇ. ವಿಷಯ ಕೇಳಿ ಹಣೆ ಉಜ್ಜಿಕೊಂಡ. "ತೆಗೆದರೆ ಯಾಕೆ ತೆಗೆದ್ರಿ ಅಂತ ಜನ ಕೇಳ್ತಾರೆ. ಬಿಡುಗಡೆ ನಾಡಿದ್ದು. ಮೇಲಿನ ಬರಹ ತಿದ್ದಿದ್ರೆ ಸಾಲದಾ?"

"ಆ ಮಾತು ಚಿತ್ರದೊಳಗೇ ಇದೆ ಸರ್" ಎಂದಳು ರಶ್ಮಿತಾ. "ಮೇಲಿನ ಬರಹ ತಿದ್ದಿದ್ರೆ ಅದು ಹೋಗಲ್ಲ. ಪೋಸ್ಟನ್ನೇ ತೆಗೀಬೇಕು." ಮತ್ತೆ, "ಅವರು ಹೇಳದ ಮಾತು ಸರ್ ಅದು. ನನ್ನ ಕೈಯಿಂದ ಆಗಿದ್ದು" ಎಂದಳು.

ಸಂಜಯ್ ಧರ್ಮನ ಮುಖ ನೋಡಿದ. "ಸರಿ, ತೆಗೀರಿ. ಅವರ ಮಾತೇ ಹಾಕಿ ಇನ್ನೊಂದು ಬಿಡಿ" ಎಂದು ಒಳಕೋಣೆಗೆ ಹೋದ.

ಅವಳು ಫೇಸ್‌ಬುಕ್ಕಿನಲ್ಲಿದ್ದುದನ್ನು ತೆಗೆದಳು. ಗುಂಪುಗಳಿಗೆ ತಾನು ಕಳಿಸಿದ್ದನ್ನೂ ಒಂದೊಂದಾಗಿ ಅಳಿಸಿದಳು. "ಆದ್ರೆ ಅಣ್ಣ, ಬೇರೆಯವರು ಮುಂದಕ್ಕೆ ಕಳಿಸಿರೋದನ್ನ, ಫೋನಿಗೆ ಇಳಿಸಿಕೊಂಡಿರೋದನ್ನ ನಾನು ಏನೂ ಮಾಡೋಕಾಗಲ್ಲ" ಎಂದಳು. ಆಮೇಲೆ ಹೊಸ ಚಿತ್ರ ಮಾಡಿ ಅವನಿಗೇ ಗಟ್ಟಿಯಾಗಿ ಓದಿಸಿದಳು: 'ಬೆಲೆ ನೋಡಿಕೊಂಡು ನಮ್ಮೂರಿನ ರಂಗಣ್ಣನ ಅಂಗಡಿಗೆ ಹೋಗ್ತೀನಿ. ಅವರಿಗೂ ಗೊತ್ತಿರುತ್ತೆ, ನನಗೂ ಗೊತ್ತಿರುತ್ತೆ. ಚೌಕಾಸಿ ಇಲ್ಲ.' ಮೇಲೆ, 'ಹಿಂದಿನ ಪೋಸ್ಟಿನಲ್ಲಿದ್ದ ಮಾತು ಧರ್ಮ ಅವರದಲ್ಲ, ತಪ್ಪು ನಮ್ಮದು' ಎಂದು ಸೇರಿಸಿದಳು.

ಮಧ್ಯಾಹ್ನ ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವನಿಗೆ ಕೊಟ್ಟಳು. ಆಲೂರಿನಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುವುದಾಗಿಯೂ, ಈ ಪೋಸ್ಟುಗಳನ್ನು ಎಷ್ಟು ಸಾವಿರ ಜನ ನೋಡಿದರೂ ದಿನ ಮುಗಿದಾಗ ಮಾತಾಡಿಸಲು ಯಾರೂ ಇರುವುದಿಲ್ಲವೆಂದೂ ಹೇಳಿದಳು. ಧರ್ಮನಿಗೆ ಏನಾದರೂ ಹೇಳಬೇಕೆನಿಸಿತು. "ಚಿತ್ರಾನ್ನ ಚೆನ್ನಾಗೈತೆ" ಎಂದ.

ಹೊಸ ಪೋಸ್ಟು ಹೊರಟಿತು. ಆದರೆ ಓಡಲಿಲ್ಲ. ಹಳೆಯದನ್ನು ಹಂಚಿದವರು ಇದನ್ನು ಹಂಚಲಿಲ್ಲ. ಊರಿನ ಗುಂಪಿಗೆ ಧರ್ಮ ತಾನೇ ಅದನ್ನು ಹಾಕಿದ. ಒಬ್ಬರು ಹೆಬ್ಬೆರಳು ಒತ್ತಿದರು. ಇನ್ನೊಬ್ಬರು, 'ರಂಗಸ್ವಾಮಿ ಕರೆಸಿ ಬೈದ ಅಂತ ಕಾಣ್ತದೆ' ಎಂದು ಬರೆದು ನಗುವ ಮುಖಗಳನ್ನು ಸಾಲಾಗಿಟ್ಟರು.

ಬಿಡುಗಡೆಯ ದಿನ ಆಲೂರಿಗೆ ಬರಬೇಕೆಂದು ಸಂಜಯ್ ಫೋನು ಮಾಡಿದ್ದ. ಧರ್ಮ ಹೋಗಲಿಲ್ಲ. ಬದಲಿಗೆ ಅಂಗಡಿಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಫೋನನ್ನು ಮುಂದೆ ಚಾಚಿದ. ರಂಗಣ್ಣ ಕನ್ನಡಕ ಏರಿಸಿ ಓದಿದರು. ಮೇಲೆ ಸೇರಿಸಿದ್ದ ತಪ್ಪೊಪ್ಪಿಗೆಯನ್ನೂ ಓದಿದರು.

"ಇದು ನಿನ್ ಮಾತು. ಗೊತ್ತಾಯ್ತದೆ" ಎಂದರು. "ಅದು ನಿನ್ದಲ್ಲ ಅಂತ್ಲೂ ಅವತ್ತೇ ಗೊತ್ತಿತ್ತು ಕಣೋ. ನಿನ್ನ ಹುಟ್ಟಿದಾಗ್ಲಿಂದ ನೋಡಿಲ್ವ ನಾನು?"

"ಮತ್ಯಾಕಣ್ಣ?"

ರಂಗಣ್ಣ ರಸ್ತೆಯತ್ತ ನೋಡಿದರು. "ನಿನ್ನೆ ವನಗೂರಿಂದ ಒಬ್ಬ ಕಾಫಿ ತಂದಿದ್ದ. ತೂಗ್ತಾ ಇದ್ರೆ ತಕ್ಕಡಿ ಮುಳ್ಳು ಬುಟ್ಟು ನನ್ ಕೈನೇ ನೋಡ್ತಾ ನಿಂತಿದ್ದ. ಮೂವತ್ತು ವರ್ಷದಿಂದ ತರ್ತಾ ಇರೋನು. ನೀನು ಬಂದು ಇಲ್ಲಿ ಕೂತ್ರೆ, ನಾನು ನಿನ್ ಬಾಯಿ ಮುಚ್ಚಿಸ್ಬುಟ್ಟೆ ಅಂತಾರೆ. ಕೂರ್ಲಿಲ್ಲ ಅಂದ್ರೆ, ಸತ್ಯ ಹೇಳಿದ್ದಕ್ಕೆ ಓಡಿಸ್ದ ಅಂತಾರೆ. ಯಾವ ಕಡೆಯಿಂದ್ಲೂ ನಂಗೆ ಬಾಗ್ಲಿಲ್ಲ." ಮತ್ತೆ ಅವನತ್ತ ತಿರುಗಿ, "ಒಂದಷ್ಟು ದಿನ ಬರ್ಬೇಡ. ಸಿಟ್ಟಿಗಲ್ಲ ಕಣೋ" ಎಂದರು.

ಆ ವರ್ಷದ ಮೆಣಸನ್ನು ಧರ್ಮ ಕಂಪನಿಯ ಖರೀದಿ ಕೇಂದ್ರಕ್ಕೆ ಹಾಕಿದ. ಆ್ಯಪಿನಲ್ಲಿ ಕಂಡ ಬೆಲೆಗೇ ತೆಗೆದುಕೊಂಡರು. ಒಂದು ಹಿಡಿ ಕಾಳನ್ನು ಯಂತ್ರಕ್ಕೆ ಹಾಕಿ ತೇವ ನೋಡಿದರು, ಒಂದು ಲೀಟರು ಕಾಳು ಎಷ್ಟು ತೂಗುತ್ತದೆಂದು ನೋಡಿದರು, ಚೀಟಿ ಹರಿದು ಕೊಟ್ಟರು. ಎಲ್ಲ ಸರಿಯಾಗಿಯೇ ಇತ್ತು, ದೂರಲು ಏನೂ ಇರಲಿಲ್ಲ. ಚೀಲ ಇಳಿಸಿದವನು ಮುಂದಿನವರನ್ನು ಕರೆದ. ಧರ್ಮ ಖಾಲಿ ಚೀಲಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಒಂದು ಕ್ಷಣ ಅಲ್ಲೇ ನಿಂತ. ಅಪ್ಪ ತೀರಿಕೊಂಡ ವರ್ಷ, ಈ ಸಲ ಬಳ್ಳಿಗೆ ರೋಗ ಬಂತಲ್ಲೋ ಎಂದು ರಂಗಣ್ಣ ಅವನಿಗಿಂತ ಹೆಚ್ಚು ಪೇಚಾಡಿದ್ದರು. ಇಲ್ಲಿ ಬಳ್ಳಿ ಹೇಗಿದೆ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

"ಇನ್ನೇನಾದ್ರೂ ಇತ್ತಾ ಸರ್?" ಎಂದು ಚೀಟಿ ಬರೆಯುವವನು ಕೇಳಿದ.

"ಇಲ್ಲ" ಎಂದು ಧರ್ಮ ಬಸ್‌ಸ್ಟ್ಯಾಂಡಿನ ಕಡೆ ನಡೆದ.

ಸಂಜೆಗಳು ಉದ್ದವಾದವು. ತೋಟದ ಕೆಲಸ ಮುಗಿಸಿ ಬೇಲಿ ಕಟ್ಟಿದ, ಕೆರೆಯ ತೂಬು ಸರಿಮಾಡಿದ, ಯಾರೂ ನಡೆಯದ ಹಳೆಯ ಕಾಲುದಾರಿಯ ಕಳೆ ಸವರಿದ. ಬಸ್ಸಿಗೆ ಹೋಗಬೇಕಾದಾಗ ಅಂಗಡಿ ತೆರೆಯುವ ಮುಂಚಿನ ಬಸ್ಸನ್ನೇ ಹಿಡಿಯುತ್ತಿದ್ದ. ರಶ್ಮಿತಾ ಒಮ್ಮೆ, 'ಅಣ್ಣ, ಆ್ಯಪನ್ನ ಈಗ ತುಂಬ ಜನ ಹಾಕಿಕೊಂಡಿದ್ದಾರೆ' ಎಂದು ಸಂದೇಶ ಕಳಿಸಿದಳು. 'ಒಳ್ಳೇದಾಯ್ತಮ್ಮ' ಎಂದು ಬರೆದ. ಒಳ್ಳೆಯದೇ ಆಗಿತ್ತು. ಅದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಆಕಾಶ ಕಪ್ಪಾಗಿ ಗುಡುಗಿ ವರ್ಷದ ಮೊದಲ ಮಳೆ ಸುರಿಯಿತು. ಕಾಫಿ ಮೊಗ್ಗುಗಳೆಲ್ಲ ಆ ಮಳೆಗಾಗಿಯೇ ಕಾದಿದ್ದವು. ಮಳೆ ನಿಂತೊಡನೆ ಧರ್ಮ ಅಂಗಳಕ್ಕಿಳಿದು ಮಳೆ ಅಳೆಯುವ ಡಬ್ಬಿಯನ್ನು ನೋಡಿದ. ಎಪ್ಪತ್ತು ಸೆಂಟು, ಎಂದರೆ ಮುಕ್ಕಾಲು ಇಂಚಿಗೆ ತುಸು ಕಡಿಮೆ. ಹೂವಾಗಲು ಸಾಕಾಗುವಷ್ಟು. ಹೇಳೋಣವೆಂದು ತಿರುಗಿದರೆ ಅಂಗಳದಲ್ಲಿ ಹೇಳಲು ಯಾರಿದ್ದರು? ಬಂಡೆ ಹತ್ತಿ ನಿಂತ. ಯಾರಿಗೆ ಫೋನು ಮಾಡುವುದೆಂದು ಯೋಚಿಸುತ್ತಿದ್ದಂತೆ ಫೋನೇ ಹೊಡೆದುಕೊಂಡಿತು.

"ಅಲ್ಲೆಷ್ಟು ಬಂತೋ?" ರಂಗಣ್ಣನ ದನಿ. ಹಲೋ ಇಲ್ಲ, ಹೆಸರಿಲ್ಲ.

"ಎಪ್ಪತ್ತು ಅಣ್ಣ."

"ಇಲ್ಲಿ ಐವತ್ತೇ. ನಿಮ್ ಕಡೆ ಚೆನ್ನಾಗ್ ಬಂತು ಹಂಗಾರೆ."

"ಹೂಂ. ಹೂವಿಗೆ ಸಾಕು."

"ಸಾಕು, ಸಾಕು."

ಆಚೆ ಕಡೆ ಮಾಡಿನ ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು. ಇನ್ನೇನಾದರೂ ಹೇಳುತ್ತಾರೆಂದು ಧರ್ಮ ಫೋನನ್ನು ಕಿವಿಗೊತ್ತಿ ಕಾದ. ಅವರೂ ಕಾದರೇನೋ.

"ಸರಿ, ಇಡ್ತೀನಿ" ಎಂದರು ರಂಗಣ್ಣ.

"ಹೂಂ ಅಣ್ಣ."

ಕೆಳಗೆ ಕಣಿವೆಯಿಂದ ಹಬೆಯಂತೆ ಮಂಜೇಳುತ್ತಿತ್ತು. ಧರ್ಮ ಒದ್ದೆ ಬಂಡೆಯ ಮೇಲೆ ಜಾರದಂತೆ ಕಾಲೂರಿ ಇಳಿದು, ಗಾಳಿಗೆ ಮುರಿದು ಬಿದ್ದಿದ್ದ ಹಾಲವಾಣದ ಮರದ ಕೊಂಬೆಯನ್ನು ದಾರಿಯಿಂದ ಎಳೆದು ಪಕ್ಕಕ್ಕೆ ಹಾಕಿದ.